ನಾಲ್ಕು ನಿಲುಗಡೆಯ ಭಾಷಣ

ಕರಾವಳಿಯಿಂದ ಗಟ್ಟ ಹತ್ತಿ ಹೋಗಿ ಹರಪನಹಳ್ಳಿ ತಾಲೂಕಿನಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಸಂಬಂಧಿಕರ ಮನೆಗೆ ಕಳೆದ ಅಕ್ಟೋಬರ್‌ನಲ್ಲಿ ಹೋಗಿದ್ದೆವು. ಅವರ ಮಗ ಒಂಬತ್ತನೇ ತರಗತಿ. ರಾಜ್ಯೋತ್ಸವದ ದಿನ ಶಾಲೆಯಲ್ಲಿ ಉಚ್ಚಂಗಿದುರ್ಗದ ಬಗ್ಗೆ ಮೂರು ನಿಮಿಷ ಮಾತಾಡಬೇಕಿತ್ತು. ಮೈಕಿನ ಮುಂದೆ ಅದೇ ಮೊದಲ ಸಲ. ಹುಡುಗ ಊಟ ಬಿಟ್ಟಿದ್ದ. "ಉಮ್ಮಾ, ಜ್ವರ ಅಂತ ಹೇಳಿಬಿಡಿ" ಎನ್ನುತ್ತಿದ್ದ.

ಯಾರೋ ಬರೆದುಕೊಟ್ಟ ಹಾಳೆ ಕೈಯಲ್ಲಿತ್ತು. ಓದಲು ಹೇಳಿ ಗಡಿಯಾರ ನೋಡಿದೆವು. ಐದು ನಿಮಿಷ ದಾಟಿತು. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲವೂ ಅವನು ಒಂದೇ ಕಡೆ ನಿಲ್ಲುತ್ತಿದ್ದ: "ಚಾಲುಕ್ಯ ಚಕ್ರವರ್ತಿಗಳ ಮಾಂಡಲಿಕರಾಗಿ ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿಯಾಗಿ ವಿರಾಜಮಾನವಾಗಿದ್ದ ಈ ಅಭೇದ್ಯ ದುರ್ಗವು..." ವಿರಾಜಮಾನದ ಹತ್ತಿರ ಉಸಿರು ಮುಗಿಯುತ್ತಿತ್ತು. ಕ್ರಿಯಾಪದ ಇನ್ನೂ ಎರಡು ಸಾಲು ಕೆಳಗಿತ್ತು. ಹುಡುಗನ ನೆನಪಿನ ಶಕ್ತಿಯಲ್ಲಿ ತಪ್ಪೇನೂ ಇರಲಿಲ್ಲ, ವಾಕ್ಯವೇ ಹಾಗಿತ್ತು.

ನಾವು ಹಾಳೆ ಮಡಚಿಟ್ಟೆವು. "ಮೊನ್ನೆ ನೀನು ಬೆಟ್ಟ ಹತ್ತಿದೆಯಲ್ಲ, ಏನೇನು ಕಂಡಿತು ಹೇಳು ಮೋನೇ" ಎಂದೆವು. ತಡೆಯೇ ಇಲ್ಲದೆ ಹೇಳಿದ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆವು. ಹೊಸ ಭಾಷಣ ಹುಟ್ಟಿದ್ದು ಅದರಿಂದ. ಒಂದು ವಾಕ್ಯ ಒಂದು ಉಸಿರಿಗೆ ಮುಗಿಯಬೇಕು, ಮನೆಯಲ್ಲಿ ಆಡದ ಶಬ್ದ ಇರಬಾರದು ಎಂದು ನಿಯಮ ಹಾಕಿಕೊಂಡೆವು. ಆ ಉದ್ದದ ವಾಕ್ಯ ಹೀಗಾಯಿತು: "ಈ ಬೆಟ್ಟದ ಮೇಲೆ ಪಾಂಡ್ಯರು ಇದ್ದರು. ಮಧುರೆಯವರಲ್ಲ, ಉಚ್ಚಂಗಿಯ ಪಾಂಡ್ಯರು. ಅವರ ಮೇಲೆ ದೊಡ್ಡ ಅರಸರು ಚಾಲುಕ್ಯರು." ಅಭೇದ್ಯ ಎಂಬುದನ್ನು ತೆಗೆದು "ಸುಲಭಕ್ಕೆ ಸಿಗದ ಕೋಟೆ" ಎಂದು ಹಾಕಿದೆವು. ಪಾಂಡ್ಯ, ಹೊಯ್ಸಳ ಎಂಬ ಹೆಸರುಗಳನ್ನು ಮಾತ್ರ ಮುಟ್ಟಲಿಲ್ಲ. ಹೆಸರು ಸರಳ ಮಾಡಲು ಬರುವುದಿಲ್ಲ, ಬಾಯಿಗೆ ರೂಢಿಯಾಗುವವರೆಗೆ ಹೇಳಿಸಬೇಕು ಅಷ್ಟೆ. ನಮ್ಮ ಬ್ಯಾರಿ ಮಾತಿನ ನಾಲಿಗೆಗೆ ಹೊಯ್ಸಳದ 'ಳ' ಕೊಂಚ ಹಟ ಮಾಡಿತು, ನಿಜ.

ಇನ್ನು ನೆನಪಿನ ಗುರುತುಗಳು. ಬೆಟ್ಟ ಹತ್ತುವ ದಾರಿಯೇ ಸಾಕಾಯಿತು: ಮೆಟ್ಟಿಲು, ಬಾಗಿಲು, ಹೊಂಡ, ಗುಡಿ. ಮೆಟ್ಟಿಲಲ್ಲಿ ವಂದನೆ ಮತ್ತು ಊರು ಎಲ್ಲಿದೆ ಎಂಬುದು. ಬಾಗಿಲಲ್ಲಿ ಮುತ್ತಿಗೆ. ಹೊಂಡದಲ್ಲಿ ಕೋಟೆಯ ಜನ ನೀರಿಗೆ ಏನು ಮಾಡುತ್ತಿದ್ದರು ಎಂಬುದು. ಗುಡಿಯಲ್ಲಿ ಉಚ್ಚಂಗೆಮ್ಮ ಮತ್ತು ಜಾತ್ರೆ. ಒಂದೊಂದು ಭಾಗದ ಕೊನೆಯ ವಾಕ್ಯದಲ್ಲಿ ಮುಂದಿನ ಜಾಗದ ಹೆಸರು ಬರುವಂತೆ ಕಟ್ಟಿದೆವು: "ಮೆಟ್ಟಿಲು ಮುಗಿಯಿತು, ಎದುರಿಗೆ ಬಾಗಿಲು." ಬಾಯಿ ಆ ಶಬ್ದ ಆಡಿದ ಕೂಡಲೇ ಮುಂದಿನದು ತಾನಾಗಿ ಬರುತ್ತದೆ.

ನಾವೂ ಎಡವಿದೆವು. ಬಾಗಿಲಿಗೆ ಮೂವರು ಅರಸರನ್ನು ತಂದು ನಿಲ್ಲಿಸಿದ್ದೆವು: ಗಂಗರ ಮಾರಸಿಂಹ, ಹೊಯ್ಸಳ ವಿಷ್ಣುವರ್ಧನ, ಅವನ ಮೊಮ್ಮಗ ವೀರಬಲ್ಲಾಳ. ಮೂವರೂ ಉಚ್ಚಂಗಿಗೆ ಬಂದವರೇ. ಆದರೆ ಒಂದೇ ಗುರುತಿಗೆ ಮೂರು ಹೆಸರು ನೇತುಹಾಕಿದರೆ ಯಾರು ಮೊದಲು, ಯಾರು ಆಮೇಲೆ ಎಂದು ಹುಡುಗ ಗಲಿಬಿಲಿಯಾದ. ಇಬ್ಬರನ್ನು ಬಿಟ್ಟೆವು. 12ನೇ ಶತಮಾನದ ವೀರಬಲ್ಲಾಳ ಒಬ್ಬನೇ ಉಳಿದ, ಏಕೆಂದರೆ ಅವನ ಜೊತೆ ಕಥೆ ಇದೆ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ ಕೋಟೆಯನ್ನು ಬಲ್ಲಾಳ ಲೀಲಾಜಾಲವಾಗಿ ಗೆದ್ದ, ಸೋತ ಪಾಂಡ್ಯ ಶರಣು ಬಂದಾಗ ರಾಜ್ಯ ತಿರುಗಿ ಕೊಟ್ಟ ಎಂದು ಹೊಯ್ಸಳರ ಶಾಸನಗಳು ಕೊಂಡಾಡುತ್ತವೆ. ಅದನ್ನು "ಚೋಳರು ಹನ್ನೆರಡು ವರ್ಷ ಕಾದರು. ಬಲ್ಲಾಳ ಬಂದ, ಗೆದ್ದ, ಮರಳಿ ಕೊಟ್ಟ" ಎಂದು ಮಾಡಿದೆವು. ಲಯ ಇದ್ದದ್ದರಿಂದ ಎರಡೇ ಸಲಕ್ಕೆ ಬಾಯಿಗೆ ಬಂತು.

ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಅಕ್ಷರಶಃ ಬಾಯಿಪಾಠ. ನಡುವಿನದರಲ್ಲಿ ಶಬ್ದ ಆಚೀಚೆ ಆದರೆ ಆಗಲಿ, ಕ್ರಮ ತಪ್ಪದಿದ್ದರೆ ಸಾಕು. ಇಡೀ ಹಾಳೆಯ ಬದಲು ನಾಲ್ಕು ಶಬ್ದ ಬರೆದ ಚೀಟಿ ಜೇಬಿನಲ್ಲಿ. ಇಡೀ ಭಾಷಣ ಕೈಯಲ್ಲಿದ್ದರೆ ಕಣ್ಣು ಸಾಲು ಹುಡುಕಲು ಹೋಗಿ ಅಲ್ಲೇ ಕಳೆದುಹೋಗುತ್ತದೆ. ಗಾಬರಿಯಾಗಿ ಏನೂ ತೋಚದಿದ್ದರೆ ನಿಂತಲ್ಲೇ ತಡಕಾಡದೆ ಮುಂದಿನ ಜಾಗಕ್ಕೆ ಹೋಗಿಬಿಡು ಎಂದಿದ್ದೆವು. ಹಿಂದಿನ ರಾತ್ರಿ ಒಂದು ಶಬ್ದವನ್ನೂ ಬದಲಿಸಲಿಲ್ಲ. ಉಪ್ಪಾಗೆ ಒಂದು ಗಾದೆ ಸೇರಿಸುವ ಆಸೆ ಇತ್ತು, ನಾವು ಬಿಡಲಿಲ್ಲ.

ನವೆಂಬರ್ 1ರಂದು ಬಾಗಿಲವರೆಗೆ ಚೆನ್ನಾಗಿ ಹೋದ. ಹೊಂಡದ ಹೆಸರು ಹೇಳಿದವನೇ ಸುಮ್ಮನಾದ. ಉಮ್ಮ ಸೆರಗಿನ ತುದಿ ಕಚ್ಚಿಕೊಂಡರು. ಮೂರು ನಾಲ್ಕು ಸೆಕೆಂಡ್ ಕಳೆದಿರಬೇಕು. "ಹೊಂಡದ ಮೇಲೆ ಗುಡಿ" ಎಂದು ಶುರುಮಾಡಿ, ಹೊಂಡದ ಮಾತನ್ನೆಲ್ಲ ಬಿಟ್ಟು ಜಾತ್ರೆಯಿಂದ ಕೊನೆಯ ವಾಕ್ಯಕ್ಕೆ ಬಂದ. ಚಪ್ಪಾಳೆ ಬಿತ್ತು. ಇಳಿದು ಬಂದವನು "ನೀರು ಕುಡಿಯುವುದನ್ನೇ ಮರೆತೆ" ಎಂದ. ಭಾಷಣದ್ದೋ, ಬಾಟಲಿಯದ್ದೋ, ನಾವು ಕೇಳಲಿಲ್ಲ.