ಮೊದಲ ದಿನದ ಸಹಿಗಳು

ಬೆಂಗಳೂರಿನ ಒಂದು ಕಚೇರಿ, ಬೆಳಗಿನ ಹತ್ತು ಗಂಟೆ. ಹೊಸದಾಗಿ ಸೇರಿದವನ ಕೊರಳಲ್ಲಿ ಇನ್ನೂ ಗುರುತಿನ ಚೀಟಿ ಇಲ್ಲ, 'ವಿಸಿಟರ್' ಎಂಬ ಪಟ್ಟಿ ನೇತಾಡುತ್ತಿದೆ. ಎಚ್‌ಆರ್ ವಿಭಾಗದ ಹುಡುಗಿ ಕಾಗದಗಳ ಒಂದು ಕಟ್ಟು ತಂದಿಟ್ಟು, "ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸೈನ್ ಮಾಡಿ ಸರ್, ಹನ್ನೊಂದಕ್ಕೆ ಇಂಡಕ್ಷನ್ ಇದೆ" ಎನ್ನುತ್ತಾಳೆ. ಓದಲು ಹೊತ್ತಿಲ್ಲ. ಓದದಿದ್ದರೆ ಇವತ್ತು ಏನೂ ಆಗುವುದಿಲ್ಲ, ನಾಳೆಯೂ ಇಲ್ಲ. ಈ ಕಾಗದಗಳ ಪರಿಣಾಮ ಕಾಣುವುದು ತಿಂಗಳುಗಳ ಮೇಲೆ, ಒಂದೊಂದು ವರ್ಷಗಳ ಮೇಲೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ಒಬ್ಬನನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆ ಕಡೆಯ ಇಪ್ಪತ್ತೊಂಬತ್ತರ ಯುವಕ, ಮದುವೆಯಾಗಿಲ್ಲ. ಹಳೆಯ ಕಂಪನಿಯಲ್ಲಿ ತಿಂಗಳಿಗೆ ಒಂದು ಲಕ್ಷ ಸಂಬಳವಿತ್ತು. 2025ರ ಅಕ್ಟೋಬರ್ 1ರಂದು 1,40,000ಕ್ಕೆ ಹೊಸ ಕಂಪನಿಗೆ ಸೇರಿದ.

ಕಟ್ಟಿನಲ್ಲಿ ಮೊದಲು ಸಿಗುವುದು ಹಿಂದಿನ ಉದ್ಯೋಗದ ವಿವರ. ಕಂಪನಿಯ ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಬಿಟ್ಟ ಕಾರಣ. ಇದರಲ್ಲಿ ಹೆಚ್ಚು ಜನ ಎಡವುವುದು 'ಬಿಟ್ಟ ದಿನ'ದಲ್ಲಿ. ರಾಜೀನಾಮೆ ಕೊಟ್ಟ ದಿನ ಒಂದು, ನೋಟಿಸ್ ಪೀರಿಯಡ್ ಮುಗಿದ ದಿನ ಇನ್ನೊಂದು, ರಿಲೀವಿಂಗ್ ಲೆಟರ್ ಕೈಗೆ ಬಂದ ದಿನ ಮತ್ತೊಂದು. ಫಾರಂಗೆ ಬೇಕಾದದ್ದು ಲೆಟರಿನೊಳಗೆ ಬರೆದಿರುವ ಕೊನೆಯ ಕೆಲಸದ ದಿನ, ಅದೊಂದೇ. ನೆನಪಿನಿಂದ ಬರೆದ ತಾರೀಕು ಹದಿನೈದು ದಿನ ಆಚೀಚೆ ಆದರೂ ಪರಿಶೀಲಿಸುವವರ ವರದಿಯಲ್ಲಿ ಅದು 'ಹೊಂದಾಣಿಕೆ ಇಲ್ಲ' ಎಂದು ದಾಖಲಾಗುತ್ತದೆ.

ಪರಿಶೀಲಿಸುವವರಿಗೆ ಲೆಟರ್ ಒಂದೇ ಆಧಾರವಲ್ಲ. ಪಿಎಫ್ ಖಾತೆಯ ಯುಎಎನ್ ಸಂಖ್ಯೆಯಡಿ ಪ್ರತಿ ಕಂಪನಿಗೆ ಸೇರಿದ, ಬಿಟ್ಟ ತಾರೀಕುಗಳ ಇತಿಹಾಸವೇ ಇರುತ್ತದೆ. ಹಳೆಯ ಕಂಪನಿ ಅಲ್ಲಿ ಬಿಟ್ಟ ದಿನವನ್ನು ನಮೂದಿಸದೇ ಇದ್ದರೆ, ಕಾಗದದ ಮೇಲೆ ಆತ ಏಕಕಾಲಕ್ಕೆ ಎರಡು ಕಡೆ ಕೆಲಸ ಮಾಡುತ್ತಿದ್ದಾನೆ! ಹಾಗೆಯೇ ಬಿಟ್ಟರೆ ಪಿಎಫ್ ವರ್ಗಾವಣೆಯೂ ನಿಲ್ಲುತ್ತದೆ. ಇದಕ್ಕೆ ದಾರಿ ಇದೆ: ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಸದಸ್ಯನೇ ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನವನ್ನು ನಮೂದಿಸಬಹುದು. ಇನ್ನು ಪಿಎಫ್ ಘೋಷಣೆಯ ಫಾರಂನಲ್ಲಿ 'ಹಿಂದೆ ಸದಸ್ಯರಾಗಿದ್ದಿರಾ' ಎಂಬ ಪ್ರಶ್ನೆಗೆ ಅವಸರದಲ್ಲಿ 'ಇಲ್ಲ' ಎಂದು ಗುರುತು ಹಾಕಿದರೆ ಇನ್ನೊಂದು ಯುಎಎನ್ ಹುಟ್ಟಿಕೊಳ್ಳಬಹುದು. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹಳೆಯ ವರ್ಷಗಳು ಹಳೆಯ ಸಂಖ್ಯೆಯಲ್ಲೇ ಉಳಿದುಬಿಟ್ಟರೆ ಅವನ್ನು ಒಂದುಗೂಡಿಸಲು ಅಲೆಯಬೇಕಾದವನು ಆತನೇ.

ಇದೇ ಕಟ್ಟಿನಲ್ಲಿ ಹಳೆಯ ಕಂಪನಿ ಕೊಟ್ಟ ಸಂಬಳದ ವಿವರ ಕೇಳುವ ಒಂದು ಹಾಳೆ ಇರುತ್ತದೆ. ಆದಾಯ ತೆರಿಗೆಯಲ್ಲಿ ಅದನ್ನು ಫಾರಂ 12ಬಿ ಎಂದು ಕರೆಯುತ್ತಿದ್ದರು. 'ಆಮೇಲೆ ಕೊಡ್ತೀನಿ' ಎಂದು ಜನ ಪಕ್ಕಕ್ಕಿಡುವ ಹಾಳೆ ಇದು. ನಮ್ಮ ಯುವಕನೂ ಹಾಗೇ ಮಾಡಿದ ಎಂದುಕೊಳ್ಳಿ. ಹಳೆಯ ಕಂಪನಿ ಅವನ ವರ್ಷದ ಸಂಬಳ ಹನ್ನೆರಡು ಲಕ್ಷ ಎಂದು ಅಂದಾಜು ಮಾಡಿ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಹೊಸ ಪದ್ಧತಿಯ ರಿಯಾಯಿತಿಯಲ್ಲಿ ಒಂದು ಪೈಸೆ ತೆರಿಗೆಯನ್ನೂ ಹಿಡಿದಿರಲಿಲ್ಲ. ಹೊಸ ಕಂಪನಿಗೆ ಕಾಣುವುದು ತಾನು ಕೊಡುವ ಆರು ತಿಂಗಳ 8,40,000 ಮಾತ್ರ. ಅದಕ್ಕೂ ತೆರಿಗೆ ಇಲ್ಲ. ಎರಡೂ ಕಡೆ ಪೂರ್ತಿ ಸಂಬಳ, ಎರಡೂ ಕಡೆ ಸಂತೋಷ. ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ ಎರಡೂ ಸೇರಿ 14,40,000 ಆಗುತ್ತದೆ. 75,000 ಕಳೆದರೆ 13,65,000. ಹನ್ನೆರಡು ಲಕ್ಷ ದಾಟಿದ್ದರಿಂದ ರಿಯಾಯಿತಿ ಹೋಯಿತು. 2025-26ರ ದರದಲ್ಲಿ ತೆರಿಗೆ 84,750, ಅದರ ಮೇಲೆ ಶೇ. 4ರ ಸೆಸ್ ಸೇರಿ 88,140 ರೂಪಾಯಿ. ಮುಂಗಡ ತೆರಿಗೆ ಕಟ್ಟದ್ದಕ್ಕೆ ಬಡ್ಡಿ ಬೇರೆ. ಆ ಒಂದು ಹಾಳೆ ತುಂಬಿ ಕೊಟ್ಟಿದ್ದರೆ ಇದೇ ಹಣ ಆರು ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗಿರುತ್ತಿತ್ತು.

ಮುಂದಿನದು ಹಿನ್ನೆಲೆ ಪರಿಶೀಲನೆಗೆ ಒಪ್ಪಿಗೆ ಪತ್ರ. ಸಾಮಾನ್ಯವಾಗಿ ಒಂದೇ ಪುಟ, ಒಂದೇ ಉದ್ದನೆಯ ವಾಕ್ಯ: ಕಂಪನಿ ಅಥವಾ ಅದು ನೇಮಿಸಿದ ಏಜೆನ್ಸಿ ನನ್ನ ವಿದ್ಯಾಭ್ಯಾಸ, ಉದ್ಯೋಗ, ವಿಳಾಸ, ನ್ಯಾಯಾಲಯದ ದಾಖಲೆಗಳನ್ನು ವಿಚಾರಿಸಲು ಒಪ್ಪಿದ್ದೇನೆ, ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು. ಏಜೆನ್ಸಿಯವರು ವಿಶ್ವವಿದ್ಯಾಲಯಕ್ಕೆ ಅಂಕಪಟ್ಟಿಯ ನಕಲು ಕಳಿಸುತ್ತಾರೆ, ಹಳೆಯ ಎಚ್‌ಆರ್‌ಗೆ ಮೇಲ್ ಹಾಕುತ್ತಾರೆ, ಕೊಟ್ಟ ವಿಳಾಸಕ್ಕೆ ಒಬ್ಬ ಹುಡುಗನನ್ನು ಬೈಕಿನಲ್ಲಿ ಕಳಿಸುತ್ತಾರೆ. ಪಿಜಿಯಿಂದ ಪಿಜಿಗೆ ಹಾರುವ ಬೆಂಗಳೂರಿನಲ್ಲಿ ಆ ಹುಡುಗನಿಗೆ ಸಿಗುವುದು ಹಲವು ಸಲ ಬೀಗವೇ. ಸದ್ಯ ಇರುವ ಜಾಗ ಯಾವುದೋ ಅದನ್ನೇ ಬರೆದು, ಊರಿನ ವಿಳಾಸವನ್ನು 'ಶಾಶ್ವತ' ಎಂಬ ಅಂಕಣಕ್ಕೆ ಬಿಡುವುದು ಕ್ಷೇಮ.

ಈ ಪುಟದಲ್ಲಿ ನಿಂತು ನೋಡಬೇಕಾದ ಒಂದು ಚೌಕವಿದೆ: 'ಈಗಿನ ಉದ್ಯೋಗದಾತರನ್ನು ಸಂಪರ್ಕಿಸಬಹುದೇ?' ಆಫರ್ ಕೈಸೇರಿದ ಮೇಲೆ, ಹಳೆಯ ಕಡೆ ಇನ್ನೂ ರಾಜೀನಾಮೆ ಕೊಡುವ ಮೊದಲು ಈ ಪತ್ರ ಮೇಲ್‌ನಲ್ಲಿ ಬರುವುದುಂಟು. ಆಗ 'ಹೌದು' ಎಂದರೆ, ಬಿಡುವ ಸುದ್ದಿ ಮ್ಯಾನೇಜರ್‌ಗೆ ಆತನ ಬಾಯಿಂದಲ್ಲ, ಏಜೆನ್ಸಿಯ ಮೇಲ್‌ನಿಂದ ತಿಳಿಯುತ್ತದೆ. 'ರಿಲೀವ್ ಆದ ನಂತರ' ಎಂದು ಬರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಉತ್ತರ ಎಚ್‌ಆರ್‌ನವರು ದಿನವೂ ನೋಡುವಂಥದ್ದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಪುಟದ ಸ್ವರೂಪವನ್ನೇ ಬದಲಿಸಲಿದೆ. ಒಪ್ಪಿಗೆ ನಿರ್ದಿಷ್ಟವಾಗಿರಬೇಕು, ಯಾವ ಮಾಹಿತಿ ಯಾಕೆ ಬೇಕೆಂದು ತಿಳಿಸಬೇಕು, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲೂ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಈ ಭಾಗ ಜಾರಿಗೆ ಬರುವುದು ಅಲ್ಲಿಂದ ಹದಿನೆಂಟು ತಿಂಗಳಿಗೆ. ಆದರೆ ಉದ್ಯೋಗದ ಉದ್ದೇಶಕ್ಕಾಗಿ ಕೆಲವು ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೂ ಬಳಸಲು ಅದೇ ಕಾಯ್ದೆ ಬಾಗಿಲು ತೆರೆದಿಟ್ಟಿದೆ ಎಂಬುದನ್ನು ಮರೆಯಬಾರದು.

ಕಟ್ಟಿನ ತಳದಲ್ಲಿರುವುದು ಫಾರಂ ಎಫ್, ಗ್ರಾಚ್ಯುಟಿಯ ನಾಮನಿರ್ದೇಶನ. ಐದು ವರ್ಷ ಆಗದೆ ಸಿಗದ ಹಣ, ಅದಕ್ಕೆ ಇವತ್ತೇ ನಾಮಿನಿ ಯಾಕೆ ಎಂದು ಇದನ್ನು ಎಲ್ಲರೂ ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. 1972ರ ಗ್ರಾಚ್ಯುಟಿ ನಿಯಮಗಳೂ ಅಷ್ಟು ಅವಸರ ಮಾಡಿಲ್ಲ: ಒಂದು ವರ್ಷ ತುಂಬಿ ಮೂವತ್ತು ದಿನದೊಳಗೆ ಕೊಟ್ಟರೆ ಸಾಕು. ಕಂಪನಿಗಳು ಮೊದಲ ದಿನವೇ ಬರೆಸಿಕೊಳ್ಳುವುದು ತಮ್ಮ ಅನುಕೂಲಕ್ಕೆ.

ನಮ್ಮ ಯುವಕ ಅಣ್ಣನ ಹೆಸರು ಬರೆದ. ಅಪ್ಪನಿಗೆ ಪಿಂಚಣಿ ಬರುತ್ತದೆ, ಅಪ್ಪ ಅಮ್ಮ ಇವನ ದುಡಿಮೆ ನೆಚ್ಚಿಕೊಂಡಿಲ್ಲ, ಬ್ಯಾಂಕು ಕಚೇರಿ ಓಡಾಟವೆಲ್ಲ ಅಣ್ಣನದೇ. ಕಾಯ್ದೆಯ ಪ್ರಕಾರ ಇದು ಸರಿ. ಗ್ರಾಚ್ಯುಟಿ ಕಾಯ್ದೆಯ 'ಕುಟುಂಬ'ದಲ್ಲಿ ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆತಾಯಿ, ಅವಲಂಬಿತ ಅತ್ತೆಮಾವ ಇದ್ದಾರೆ. ಅಣ್ಣತಮ್ಮ, ಅಕ್ಕತಂಗಿ ಇಲ್ಲ. ಕುಟುಂಬ ಇದ್ದವನು ಹೊರಗಿನವರ ಹೆಸರು ಬರೆದರೆ ಅದು ಅಸಿಂಧು. ಕುಟುಂಬ ಇಲ್ಲದವನು ಯಾರ ಹೆಸರನ್ನಾದರೂ ಬರೆಯಬಹುದು. ಅದಕ್ಕೇ ಫಾರಂನಲ್ಲಿ 'ನನ್ನ ತಂದೆತಾಯಿ ನನ್ನ ಮೇಲೆ ಅವಲಂಬಿತರಲ್ಲ' ಎಂಬ ಸಾಲು ಇರುವುದು. ಯಾರೂ ಓದದೆ ದಾಟುವ ಆ ಸಾಲಿನ ಮೇಲೆ ಅಣ್ಣನ ಹೆಸರು ನಿಂತಿದೆ.

ಆಮೇಲೆ ಏನಾಗುತ್ತದೆ? ಒಂದೂವರೆ ವರ್ಷದಲ್ಲಿ ಅವನಿಗೆ ಮದುವೆಯಾಗುತ್ತದೆ. ತಾಳಿ ಕಟ್ಟಿದ ದಿನವೇ ಅಣ್ಣನ ಹೆಸರು ಬಿದ್ದುಹೋಯಿತು, ಏಕೆಂದರೆ ಕುಟುಂಬವಿಲ್ಲದಾಗ ಮಾಡಿದ ನಾಮನಿರ್ದೇಶನ ಕುಟುಂಬ ಬಂದೊಡನೆ ತಾನಾಗಿ ರದ್ದಾಗುತ್ತದೆ. ತೊಂಬತ್ತು ದಿನದೊಳಗೆ ಫಾರಂ ಜಿ ತುಂಬಿ ಹೊಸ ಹೆಸರು ಕೊಡಬೇಕು. ಕಂಪನಿ ನೆನಪಿಸುವುದಿಲ್ಲ. ಹೆಂಡತಿಯ ಹೆಸರನ್ನು ಆತ ಆರೋಗ್ಯ ವಿಮೆಗೆ ಸೇರಿಸಿದ್ದಾನೆ, ಅಷ್ಟರಿಂದ ಎಲ್ಲ ಕಡೆಯೂ ಸೇರಿತೆಂದು ತಿಳಿದಿದ್ದಾನೆ. ವಿಮೆ, ಪಿಎಫ್, ಗ್ರಾಚ್ಯುಟಿ ಮೂರಕ್ಕೂ ಬೇರೆ ಬೇರೆ ನಾಮನಿರ್ದೇಶನ.

ಅವನು ಮೂರು ವರ್ಷ ಎಂಟು ತಿಂಗಳ ಸೇವೆಯಲ್ಲಿ ತೀರಿಕೊಂಡ ಎಂದುಕೊಳ್ಳಿ. ಸಾವಿನಲ್ಲಿ ಐದು ವರ್ಷದ ಷರತ್ತಿಲ್ಲ. ಗ್ರಾಚ್ಯುಟಿಗೆ ಲೆಕ್ಕ ಹಿಡಿಯುವ ವೇತನ 78,000 ಆಗಿದ್ದರೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ವರ್ಷಕ್ಕೆ 45,000 ಬರುತ್ತದೆ. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷವೆಂದೇ ಲೆಕ್ಕ, ಹೀಗಾಗಿ ನಾಲ್ಕು ವರ್ಷಕ್ಕೆ 1,80,000.

ನಾಮಿನಿ ಇದ್ದಿದ್ದರೆ ಒಂದು ಅರ್ಜಿ, ಮರಣ ಪ್ರಮಾಣ ಪತ್ರ, ಗುರುತಿನ ದಾಖಲೆ, ಅಷ್ಟರಲ್ಲಿ ಮುಗಿಯುತ್ತಿತ್ತು. ಈಗ ಸಿಂಧುವಾದ ನಾಮಿನಿಯೇ ಇಲ್ಲದ್ದರಿಂದ ಹಣ ವಾರಸುದಾರರಿಗೆ. ಅದಕ್ಕೆ ಹೆಂಡತಿ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಬೇಕು, ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಿಸಬೇಕು. ಕೆಲವು ಕಂಪನಿಗಳು ಅದೂ ಸಾಲದೆಂದು ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತರಲು ಹೇಳುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಇದ್ದಾಳೆ, ತಂದೆ ಇಲ್ಲ. ಅತ್ತೆ ಸೊಸೆ ಮಾತುಬಿಟ್ಟ ಮನೆಯಾದರೆ ಆ 1,80,000ಕ್ಕೆ ಇಬ್ಬರ ಸಹಿಯೂ ಬೇಕು.

2025ರ ನವೆಂಬರ್ 21ರಿಂದ ಗ್ರಾಚ್ಯುಟಿ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಗದಿತ ಅವಧಿಯ ಕೆಲಸಗಾರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಎಂಬುದು ಅದರಲ್ಲಿ ಹೊಸದು. ಕುಟುಂಬ ಬಂದೊಡನೆ ಹಳೆಯ ಹೆಸರು ಬೀಳುವ ನಿಯಮ ಮಾತ್ರ ಅಲ್ಲೂ ಹಾಗೆಯೇ ಇದೆ.

ಫಾರಂ ಎಫ್‌ನಲ್ಲಿ ತಪ್ಪು ಸಾಮಾನ್ಯವಾಗಿ ಎರಡು ಕಡೆ ಕಾಣುತ್ತದೆ. ಇಬ್ಬರ ಹೆಸರು ಬರೆದು ಪಾಲಿನ ಅಂಕಣ ಖಾಲಿ ಬಿಡುವುದು ಒಂದು. ಇಬ್ಬರು ಸಾಕ್ಷಿಗಳ ಜಾಗದಲ್ಲಿ ಯಾರ ಸಹಿಯೂ ಇಲ್ಲದೆ ಕೊಡುವುದು ಇನ್ನೊಂದು. ಈ ಫಾರಂ ಎರಡು ಪ್ರತಿಗಳಲ್ಲಿ ಹೋಗಬೇಕು. ಕಂಪನಿ ವಿವರ ತಾಳೆ ನೋಡಿ, ಸಹಿ ಹಾಕಿ, ಒಂದು ಪ್ರತಿಯನ್ನು ಮೂವತ್ತು ದಿನದೊಳಗೆ ನೌಕರನಿಗೆ ವಾಪಸ್ ಕೊಡಬೇಕೆಂದು ಹಳೆಯ ನಿಯಮ ಸ್ಪಷ್ಟವಾಗಿ ಹೇಳಿತ್ತು. ಆ ಪ್ರತಿ ಕೈಯಲ್ಲಿರುವ ನೌಕರರು ಕಚೇರಿಗೊಬ್ಬರು ಸಿಕ್ಕರೆ ಹೆಚ್ಚು. ಸಿಕ್ಕವರನ್ನು ಕೇಳಿದರೆ, "ಎಚ್‌ಆರ್‌ಗೆ ಮೂರು ಸಲ ಮೇಲ್ ಹಾಕಿದ್ದೆ ಸರ್, ಆಮೇಲೆ ಕೊಟ್ಟರು" ಎನ್ನುತ್ತಾರೆ.