ಅವರಿಗೇ ಯಾಕೆ ಮತ್ತೆ ಮತ್ತೆ ಗಾಯ?

ಮೊದಲ ಮಹಾಯುದ್ಧದ ಕಾಲ. ಬ್ರಿಟನ್ನಿನ ಗಂಡಸರು ರಣರಂಗಕ್ಕೆ ಹೋದ ಮೇಲೆ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಯಂತ್ರಗಳ ಮುಂದೆ ನಿಂತವರು ಹೆಂಗಸರು. ಅಂಥ ಒಂದು ಕಡೆ ಆರು ಇಂಚಿನ ಶೆಲ್ಲುಗಳ ಕೆಲಸದಲ್ಲಿದ್ದ 647 ಹೆಂಗಸರಲ್ಲಿ ಯಾರಿಗೆ ಎಷ್ಟು ಸಲ ಅಪಘಾತವಾಯಿತು ಎಂದು ಐದು ವಾರ ಲೆಕ್ಕ ಇಟ್ಟರು. 447 ಮಂದಿಗೆ ಏನೂ ಆಗಲಿಲ್ಲ. 132 ಮಂದಿಗೆ ಒಂದು ಸಲ, 42 ಮಂದಿಗೆ ಎರಡು ಸಲ, 21 ಮಂದಿಗೆ ಮೂರು ಸಲ. ಮೂವರಿಗೆ ನಾಲ್ಕು ಸಲ, ಇಬ್ಬರಿಗೆ ಐದು ಸಲ. ಒಟ್ಟು 301 ಅಪಘಾತ, ತಲೆಗೆ ಸರಾಸರಿ 0.465.

ಈ ಪುಟ್ಟ ಪಟ್ಟಿಯನ್ನು ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ 1920ರಲ್ಲಿ ಕೈಗೆತ್ತಿಕೊಂಡರು. (ಮೇಜರ್ ಎಂದರೆ ಸೈನ್ಯದ ಹುದ್ದೆಯಲ್ಲ, ಆತನ ಹೆಸರೇ ಅದು.) ಅವರ ಪ್ರಶ್ನೆ ನಾವೆಲ್ಲ ಒಮ್ಮೆಯಾದರೂ ಕೇಳಿಕೊಂಡದ್ದೇ: ಇದೆಲ್ಲ ಬರೀ ಗ್ರಹಚಾರವೋ, ಅಥವಾ ಕೆಲವರಿಗೆ ನಿಜಕ್ಕೂ ಗಾಯ ಹೆಚ್ಚೋ?

ಬರೀ ಗ್ರಹಚಾರ ಎನ್ನುವುದಕ್ಕೂ ಒಂದು ಲೆಕ್ಕವಿದೆ. ಅಪರೂಪದ ಘಟನೆ ಎಲ್ಲರಿಗೂ ಒಂದೇ ದರದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ಬಂದೆರಗುವುದಾದರೆ ಎಣಿಕೆಗಳು ಪ್ವಾಸಾನ್ ಹಂಚಿಕೆಯಂತೆ ಬೀಳುತ್ತವೆ. ಇದರ ಪ್ರಸಿದ್ಧ ಉದಾಹರಣೆ ಬೋರ್ಟ್‌ಕೀವಿಚ್ 1898ರಲ್ಲಿ ಪ್ರಕಟಿಸಿದ್ದು: ಪ್ರಷ್ಯಾ ಸೈನ್ಯದ ಹತ್ತು ದಳಗಳಲ್ಲಿ ಇಪ್ಪತ್ತು ವರ್ಷಗಳಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ. ಒಟ್ಟು 122 ಸಾವು; ಒಂದು ದಳಕ್ಕೆ ವರ್ಷಕ್ಕೆ ಸರಾಸರಿ 0.61. ಎಣಿಕೆಗಳು ಸರಾಸರಿಯ ಆಚೀಚೆ ಎಷ್ಟು ಚದುರಿವೆ ಎಂಬುದನ್ನು ಅಳೆಯುವ ವೇರಿಯನ್ಸ್ ಕೂಡ 0.61. ಸರಾಸರಿ ಮತ್ತು ವೇರಿಯನ್ಸ್ ಸರಿಸಮ ಇರುವುದು ಪ್ವಾಸಾನ್‌ನ ಗುರುತು. ಅದೃಷ್ಟ ಒಂದೇ ಕೆಲಸ ಮಾಡಿದಾಗ ಅದು ಎಬ್ಬಿಸುವ ಚದುರಾಟ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ.

ಶೆಲ್ ಕಾರ್ಖಾನೆಯಲ್ಲಿ ಈ ಗುರುತು ಕೆಡುತ್ತದೆ. ಸರಾಸರಿ 0.465, ವೇರಿಯನ್ಸ್ 0.692. ಎಲ್ಲರ ದರವೂ ಒಂದೇ ಆಗಿದ್ದರೆ ಏನೂ ಆಗದವರು ಸುಮಾರು 406 ಇರಬೇಕಿತ್ತು, ಇದ್ದವರು 447. ಒಂದೇ ಸಲ ಗಾಯವಾದವರು 189 ಇರಬೇಕಿತ್ತು, ಸಿಕ್ಕಿದ್ದು 132. ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಆದವರು ಎಂಟರ ಆಸುಪಾಸು ಇರಬೇಕಾದಲ್ಲಿ 26 ಮಂದಿ. ಸೊನ್ನೆಯವರೂ ಹೆಚ್ಚು, ಪದೇ ಪದೇ ಪೆಟ್ಟು ತಿಂದವರೂ ಹೆಚ್ಚು. ನಡುವೆ ಮಾತ್ರ ಸೊರಗಿದೆ.

ಗ್ರೀನ್‌ವುಡ್ ಮತ್ತು ಯೂಲ್ ಕೊಟ್ಟ ಉತ್ತರ ಸರಳ. ಒಬ್ಬೊಬ್ಬಳ ಮಟ್ಟಿಗೆ ಗಾಯ ಇನ್ನೂ ಅದೃಷ್ಟದ ಆಟವೇ, ಪ್ವಾಸಾನ್ ಪ್ರಕಾರವೇ. ಆದರೆ ಅವಳ ದರ ಅವಳದೇ. ಒಬ್ಬಳಿಗೆ ಐದು ವಾರಕ್ಕೆ 0.1, ಪಕ್ಕದವಳಿಗೆ 0.4, ಇನ್ನೊಬ್ಬಳಿಗೆ 1.5. ಯಾರ ದರ ಎಷ್ಟು ಎಂದು ನಮಗೆ ಕಾಣುವುದಿಲ್ಲ. ಕಾಣದ ಈ ದರಗಳು ಗಾಮಾ ಎಂಬ ಹಂಚಿಕೆಯಂತೆ ಹರಡಿವೆ ಎಂದುಕೊಳ್ಳೋಣ. ಗಾಮಾ ಸೊನ್ನೆಯ ಕೆಳಗೆ ಇಳಿಯುವುದಿಲ್ಲ, ಬಲಕ್ಕೆ ಉದ್ದ ಬಾಲ ಬಿಡುತ್ತದೆ. ಅಂದರೆ ಹೆಚ್ಚಿನವರ ದರ ಕಡಿಮೆ, ಕೆಲವರದ್ದು ಬಹಳ. ಆಯ್ಕೆಗೆ ಇನ್ನೊಂದು ಕಾರಣ, ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಅನುಕೂಲ: ಗಾಮಾ ಮತ್ತು ಪ್ವಾಸಾನ್ ಬೆರೆಸಿದರೆ ಕೈಯಲ್ಲೇ ಮಾಡಬಹುದಾದ ಸೂತ್ರ ಸಿಗುತ್ತದೆ. ಆ ಬೆರಕೆಯ ಹೆಸರೇ ನೆಗೆಟಿವ್ ಬೈನಾಮಿಯಲ್.

ಈಗ ಹೆಚ್ಚುವರಿ ಚದುರಾಟ ಎಲ್ಲಿಂದ ಬಂತು ಎಂಬುದು ತಾನೇ ಬಿಡಿಸಿಕೊಳ್ಳುತ್ತದೆ. ಒಟ್ಟು 0.692. ಅದರಲ್ಲಿ ಅದೃಷ್ಟದ ಪಾಲು ಸರಾಸರಿಯಷ್ಟೇ, 0.465. ಉಳಿದ 0.227 ಹೆಂಗಸರ ದರಗಳ ನಡುವಿನ ವ್ಯತ್ಯಾಸದ್ದು. ಮೂರರಲ್ಲಿ ಎರಡು ಪಾಲು ಗ್ರಹಚಾರ, ಒಂದು ಪಾಲು ಆಳಿನಿಂದ ಆಳಿಗಿರುವ ಭೇದ. ಗಾಮಾದ ಆಕಾರವನ್ನು ಹೇಳುವ ಸಂಖ್ಯೆಯನ್ನು k ಎನ್ನುತ್ತಾರೆ. ಸರಾಸರಿಯ ವರ್ಗವನ್ನು ಆ ಹೆಚ್ಚುವರಿಯಿಂದ ಭಾಗಿಸಿದರೆ ಅದು ಸಿಗುತ್ತದೆ. ಇಲ್ಲಿ ಸುಮಾರು 0.95. k ದೊಡ್ಡದಾದಷ್ಟೂ ಎಲ್ಲರೂ ಒಂದೇ ಥರ, ಲೆಕ್ಕ ಪ್ವಾಸಾನ್‌ಗೆ ಮರಳುತ್ತದೆ. ಒಂದರ ಹತ್ತಿರ ಎಂದರೆ ಜನರ ನಡುವೆ ಅಜಗಜಾಂತರ. ಈ k ಹಾಕಿ ಲೆಕ್ಕ ಮಾಡಿದರೆ ಸೊನ್ನೆಯವರು 443, ಒಂದು ಸಲದವರು 139, ಎರಡು ಸಲದವರು 44, ಮೂರು ಮತ್ತು ಮೇಲಿನವರು 21 ಬರುತ್ತಾರೆ. ಪಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಹೊಂದಿತು ಎಂದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದಲ್ಲ. ಮೊದಲನೆಯದಾಗಿ, ದರ ಅವಳದು ಎಂದ ಕೂಡಲೇ ತಪ್ಪು ಅವಳದು ಎಂದಾಗುವುದಿಲ್ಲ. ಅವಳ ಯಂತ್ರ ಹಳೆಯದಿರಬಹುದು, ಬೆಳಕು ಸಾಲದಿರಬಹುದು, ಅವಳು ಹೆಚ್ಚು ಹೊತ್ತು ದುಡಿದಿರಬಹುದು. ಗಾಮಾಕ್ಕೆ ಇವೆಲ್ಲ ಒಂದೇ. ಎರಡನೆಯದು ಇನ್ನೂ ತೊಡಕಿನದು. ಎಲ್ಲರ ದರವೂ ಶುರುವಿನಲ್ಲಿ ಒಂದೇ ಇದ್ದು, ಒಮ್ಮೆ ಗಾಯವಾದವಳ ಕೈ ನಡುಗಿ ಮತ್ತೊಂದು ಗಾಯದ ಸಾಧ್ಯತೆ ಏರುತ್ತಾ ಹೋದರೂ ಇದೇ ನೆಗೆಟಿವ್ ಬೈನಾಮಿಯಲ್ ಹುಟ್ಟಬಹುದು. ಎಗ್ಗೆನ್‌ಬರ್ಗರ್ ಮತ್ತು ಪೋಲ್ಯಾ 1923ರಲ್ಲಿ ಆ ದಾರಿಯಿಂದಲೇ ಅಲ್ಲಿಗೆ ತಲುಪಿದರು. ಐದು ವಾರದ ಕೊನೆಯ ಎಣಿಕೆಯೊಂದನ್ನೇ ಹಿಡಿದು ಇವೆರಡರಲ್ಲಿ ಯಾವುದು ನಿಜ ಎಂದು ಯಾರೂ ಹೇಳಲಾರರು. ಯಾವ ಗಾಯ ಯಾವ ದಿನ ಆಯಿತು ಎಂಬ ದಾಖಲೆಯಾದರೂ ಬೇಕು.

ಆದರೂ ಈ ಬಗೆಯ ಲೆಕ್ಕಗಳ ಬೆನ್ನಿಗೇ, 1920ರ ದಶಕದಲ್ಲಿ, ಅಪಘಾತಕ್ಕೆ ಒಗ್ಗಿದ ಸ್ವಭಾವದವರು ಎಂಬ ಹಣೆಪಟ್ಟಿ ಕೈಗಾರಿಕಾ ಮನಶ್ಶಾಸ್ತ್ರದಲ್ಲಿ ಚಲಾವಣೆಗೆ ಬಂತು. ಅಂಥವರನ್ನು ಹುಡುಕಿ ತೆಗೆದರೆ ಆಯಿತು ಎಂಬ ಆಸೆಯೂ ಅದರ ಹಿಂದೆಯೇ ಬಂತು. ಗಾಮಾ ಲೆಕ್ಕವನ್ನೇ ನಂಬಿ ಆ ಆಸೆಯನ್ನು ಒರೆಗೆ ಹಚ್ಚಿ ನೋಡೋಣ.

ಒಬ್ಬಳಿಗೆ ಈ ಐದು ವಾರ ಇಷ್ಟು ಗಾಯವಾಯಿತು ಎಂದು ಗೊತ್ತಾದ ಮೇಲೆ, ಮುಂದಿನ ಐದು ವಾರಕ್ಕೆ ಅವಳಿಂದ ನಿರೀಕ್ಷಿಸಬೇಕಾದದ್ದು ಎಷ್ಟು? ಅವಳ ಗಾಯಗಳಿಗೆ k ಕೂಡಿಸಿ, ಇಲ್ಲಿನ ಮಟ್ಟಿಗೆ 3.05ರಿಂದ ಭಾಗಿಸಿದರೆ ಮುಗಿಯಿತು. ಈ 3.05 ಎಂದರೆ kಯನ್ನು ಸರಾಸರಿಯಿಂದ ಭಾಗಿಸಿ ಬಂದದ್ದಕ್ಕೆ ಒಂದು ಸೇರಿಸಿದ್ದು. ಮೂರು ಸಲ ಗಾಯವಾದವಳಿಗೆ ಮುಂದೆ 1.3; ಮೂರಲ್ಲ. ಅವಳ ಮೂರರಲ್ಲಿ ಬಹುಪಾಲು ಅದೃಷ್ಟದ ಕೊಡುಗೆ, ಅದು ಮುಂದಿನ ಸಲ ಮರುಕಳಿಸಬೇಕಾಗಿಲ್ಲ. ಒಂದೂ ಆಗದವಳಿಗೆ 0.31, ಸೊನ್ನೆಯಲ್ಲ.

ಈಗ ಮ್ಯಾನೇಜರನೊಬ್ಬ ಮೂರು ಮತ್ತು ಹೆಚ್ಚು ಗಾಯವಾದ ಆ 26 ಮಂದಿಯನ್ನು ಮನೆಗೆ ಕಳಿಸಿದ ಎನ್ನಿ. ಕಳೆದ ಐದು ವಾರದ 301 ಅಪಘಾತಗಳಲ್ಲಿ 85 ಅವರದೇ, ಹಾಗಾಗಿ ನೂರಕ್ಕೆ 28ರಷ್ಟು ಇಳಿಯುತ್ತದೆ ಎಂದು ಅವನ ಅಂದಾಜು. ಆದರೆ ಅವರು ಉಳಿದಿದ್ದರೂ ಮುಂದಿನ ಐದು ವಾರದಲ್ಲಿ ಅವರಿಂದ ಆಗುತ್ತಿದ್ದದ್ದು ಸುಮಾರು 36. ಅವರ ಜಾಗಕ್ಕೆ ಬಂದ ಹೊಸಬರು ಸರಾಸರಿಯವರಾದರೂ 12 ತರುತ್ತಾರೆ. ಉಳಿತಾಯ 24, ನೂರಕ್ಕೆ ಎಂಟು. ಇತ್ತ ಒಂದೂ ಗಾಯ ಮಾಡಿಕೊಳ್ಳದ ಆ 447 ಮಂದಿ, ಯಾರ ಮೇಲೂ ಅವನ ಕಣ್ಣು ಬೀಳದವರು, ತಲೆಗೆ 0.31ರಂತೆ ಮುಂದಿನ ಐದು ವಾರದಲ್ಲಿ ಕಾರ್ಖಾನೆಯ ದಾಖಲೆಗೆ ಸೇರಿಸುವುದು ಸುಮಾರು 140 ಅಪಘಾತ.