ಹತ್ತು ಪುಟದಲ್ಲಿ ಒಂದು ಕಲ್ಲು ಕ್ವಾರಿ

ಚಿಕ್ಕಬಳ್ಳಾಪುರದ ಕಡೆಯ ಒಂದು ಊರು. ಬಂಡೆಗುಡ್ಡದ ತಪ್ಪಲಲ್ಲಿ ನಾಲ್ಕು ಎಕರೆ ಕಟ್ಟಡ ಕಲ್ಲಿನ ಕ್ವಾರಿಗೆ ಅರ್ಜಿ ಬಿದ್ದಿತ್ತು. ಅದರ ಪರಿಸರ ವರದಿಯ ಕನ್ನಡ ಸಾರಾಂಶ ಬರೆಯುವ ಕೆಲಸ ನನ್ನದು. ಕರಡು ಮುಗಿಸಿ, ಪಂಚಾಯಿತಿ ಕಟ್ಟೆಯ ಮೇಲೆ ಕೂತು ನಾಲ್ಕಾರು ಜನಕ್ಕೆ ಓದಿ ಹೇಳಿದೆ. ‘ಧೂಳು ನಿಯಂತ್ರಣಕ್ಕೆ ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು’ ಎಂಬ ಸಾಲಿಗೆ ಬಂದಾಗ ರೇಷ್ಮೆ ಸಾಕುವ ಒಬ್ಬ ಹೆಣ್ಣುಮಗಳು ತಡೆದರು. ‘ಅಲ್ಲಾ ಸಾರ್, ಸೊಪ್ಪಿನ ಮೇಲೆ ಧೂಳು ಕೂತ್ರೆ ಹುಳ ತಿನ್ನಲ್ಲ. ಅದುಕ್ಕೇನು ಬರ್ದಿದೀರಾ?’

ನಾನು ಏನೂ ಬರೆದಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ಬೇಡುತ್ತದೆ. ಆ ಒಂದು ವಾರ ಸೊಪ್ಪು ಕೆಟ್ಟರೆ ಗೂಡೇ ಕೆಟ್ಟಂತೆ. ಇವರ ಹಿಪ್ಪುನೇರಳೆ ತೋಟ ಇರುವುದೋ ಟಿಪ್ಪರ್ ಓಡಾಡಲಿರುವ ಮಣ್ಣುರಸ್ತೆಯ ಬದಿಯಲ್ಲೇ. ಆ ಕರಡನ್ನು ಅಲ್ಲಿಗೇ ಬಿಟ್ಟು ಹೊಸದಾಗಿ ಬರೆಯಲು ಕೂತೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರಾಂಶ ಎ4 ಅಳತೆಯ ಹತ್ತು ಪುಟ ಮೀರಬಾರದು. ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಟ್ಟು, ಜಿಲ್ಲಾಧಿಕಾರಿ ಕಚೇರಿ, ಪಂಚಾಯಿತಿ ಮುಂತಾದ ಕಡೆ ಜನರ ಕೈಗೆ ಸಿಗುವಂತೆ ಇಡಬೇಕು. ಮೂಲ ವರದಿ ನೂರಾರು ಪುಟ, ಊರಿನವರು ಓದುವುದು ಈ ಹತ್ತೇ ಪುಟ. ಆದರೂ ಹೆಚ್ಚಿನ ಸಾರಾಂಶಗಳು ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದಂಥವು. ‘ಅನುಮತಿಸಬಹುದಾದ ಮಿತಿಯೊಳಗೆ’ ಎಂದು ಬರೆದರೆ ಯಾರ ಮನೆ ಬಾಗಿಲಲ್ಲಿ ಎಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನಾಲ್ಕೇ ಎಕರೆಗೆ ಇಷ್ಟೆಲ್ಲ ಯಾಕೆ ಎಂದು ಅರ್ಜಿದಾರರು ಕೇಳಿದ್ದರು. ಒಂಟಿ ಸಣ್ಣ ಕ್ವಾರಿಯಾಗಿದ್ದರೆ ಆಲಿಕೆ ಸಭೆ ಬೇಕಿರಲಿಲ್ಲ. ಆದರೆ 500 ಮೀಟರ್ ದೂರದೊಳಗೆ ಇನ್ನೂ ಮೂರು ಕ್ವಾರಿಗಳಿದ್ದವು. ನಾಲ್ಕೂ ಸೇರಿ 16 ಎಕರೆ, ಅಂದರೆ ಸುಮಾರು ಆರೂವರೆ ಹೆಕ್ಟೇರು. ಐದು ಹೆಕ್ಟೇರು ದಾಟಿದರೆ ಅದನ್ನು ಗುಂಪೆಂದು ಎಣಿಸಿ ಪೂರ್ಣ ವರದಿ, ಸಭೆ ಎರಡನ್ನೂ ಕೇಳುತ್ತಾರೆ. ಕೇಳುವುದು ಸರಿಯೂ ಹೌದು. ರಸ್ತೆಬದಿಯ ಸೊಪ್ಪಿಗೆ ಯಾವ ಕ್ವಾರಿಯ ಧೂಳಾದರೂ ಒಂದೇ.

ಹಾಗಾಗಿ ನನ್ನ ಹೊಸ ಸಾರಾಂಶ ಶುರುವಾದದ್ದು ರಸ್ತೆಯಿಂದ. ಈ ಕ್ವಾರಿಯ ಯೋಜನೆ ವರ್ಷಕ್ಕೆ 50 ಸಾವಿರ ಟನ್ ಕಲ್ಲು. 300 ದಿನ ಕೆಲಸವೆಂದರೆ ದಿನಕ್ಕೆ ಸುಮಾರು 167 ಟನ್. 16 ಟನ್ನಿನ ಟಿಪ್ಪರ್ ಲೆಕ್ಕದಲ್ಲಿ ಹತ್ತು ಹನ್ನೊಂದು ಲೋಡು. ಖಾಲಿ ಬರುವುದನ್ನೂ ಎಣಿಸಿದರೆ ತೋಟದ ಮುಂದೆ 21 ಸಲ ಗಾಡಿ ಹಾಯುತ್ತದೆ. ಇಷ್ಟು ಮಾತ್ರ ಬರೆದರೆ ಯಾರಿಗೂ ಗಾಬರಿಯಾಗದು. ಉಳಿದ ಮೂರೂ ಇಷ್ಟೇ ಕಲ್ಲು ತೆಗೆದರೆ ಅದು 84 ಸಲ. ಎಂಟು ಗಂಟೆಯ ಕೆಲಸದಲ್ಲಿ ಆರು ನಿಮಿಷಕ್ಕೊಂದು ಟಿಪ್ಪರ್. ‘ಆರು ನಿಮಿಷಕ್ಕೊಂದು’ ಎಂಬ ಮಾತು ಸಾರಾಂಶದ ಮೊದಲ ಪುಟದಲ್ಲೇ ಇರಬೇಕೆಂದು ನಾನು ಹಟ ಹಿಡಿದೆ.

ಮುಂದಿನದು ಪರಿಹಾರ. ಹಳೆಯ ಕರಡಿನಲ್ಲಿ ‘ನೀರು ಸಿಂಪಡಿಸಲಾಗುವುದು’ ಎಂದಷ್ಟೇ ಇತ್ತು. ಮಣ್ಣುರಸ್ತೆ 1,200 ಮೀಟರ್ ಉದ್ದ, ಐದು ಮೀಟರ್ ಅಗಲ. ಚದರ ಮೀಟರಿಗೆ ಅರ್ಧ ಲೀಟರ್ ಹಾಕಿದರೂ ಒಂದು ಸಲಕ್ಕೆ ಮೂರು ಸಾವಿರ ಲೀಟರ್ ಬೇಕು. ಬೇಸಿಗೆಯ ಬಿಸಿಲಲ್ಲಿ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಎರಡು ಗಂಟೆಗೊಮ್ಮೆ ಹೊಡೆದರೆ ದಿನಕ್ಕೆ 12 ಸಾವಿರ ಲೀಟರ್. ಕೊಳವೆಬಾವಿಗಳು ಬತ್ತುವ ಸೀಮೆಯಲ್ಲಿ ಇಷ್ಟು ನೀರು ಎಲ್ಲಿಂದ? ಕ್ವಾರಿ ಗುಂಡಿಯಲ್ಲಿ ನಿಲ್ಲುವ ಮಳೆನೀರು ಎನ್ನುತ್ತಾರೆ, ಆದರೆ ಮೊದಲ ವರ್ಷ ಗುಂಡಿಯೇ ಇರುವುದಿಲ್ಲ. ಈ ಲೆಕ್ಕವನ್ನು ಮುಂದಿಟ್ಟ ಮೇಲೆ, ಕಲ್ಲು ಸಾಗಿಸುವ ಮೊದಲೇ ಆ ರಸ್ತೆಗೆ ಡಾಂಬರು ಹಾಕಿಸುವುದು ಅಗ್ಗ ಎಂದು ಅರ್ಜಿದಾರರೇ ಒಪ್ಪಿದರು. ಡಾಂಬರಿನ ಮೇಲೂ ಟಿಪ್ಪರಿನಿಂದ ಉದುರಿದ ಪುಡಿ ಬೀಳುತ್ತದೆ. ಅದಕ್ಕೇ ಲೋಡಿನ ಮೇಲೆ ಟಾರ್ಪಾಲು ಬಿಗಿಯುವುದು, ಬಿದ್ದ ಪುಡಿ ಗುಡಿಸುವುದು ಎರಡನ್ನೂ ಸೇರಿಸಿದೆವು.

ಗಿಡ ನೆಡುವ ಮಾತು ಎಲ್ಲ ಸಾರಾಂಶಗಳಲ್ಲೂ ಬರುತ್ತದೆ. ಗಡಿಯುದ್ದಕ್ಕೂ ಹೊಂಗೆ, ಬೇವು ನೆಡುವುದು ಒಳ್ಳೆಯದೇ. ಆದರೆ ಮೊಣಕಾಲುದ್ದದ ಸಸಿ ಧೂಳು ತಡೆಯುವಷ್ಟು ಬೆಳೆಯಲು ಮೂರು ನಾಲ್ಕು ವರ್ಷ ಬೇಕು. ‘ಮೊದಲ ಮೂರು ವರ್ಷ ಇದರಿಂದ ನಿಮ್ಮ ತೋಟಕ್ಕೆ ಉಪಯೋಗವಿಲ್ಲ’ ಎಂದು ಬರೆದದ್ದು ಅರ್ಜಿದಾರರಿಗೆ ಹಿಡಿಸಲಿಲ್ಲ. ನಾನು ತೆಗೆಯಲಿಲ್ಲ.

ಧೂಳಿಗಿಂತ ಹೆಚ್ಚು ವಾದ ನಡೆದದ್ದು ಬ್ಲಾಸ್ಟಿಂಗ್ ಬಗ್ಗೆ. ಗೋಡೆ ಬಿರುಕು ಬಿಡುತ್ತದೆಂಬುದು ಜನರ ಭಯ, ಬಿಡುವುದಿಲ್ಲವೆಂಬುದು ಮಾಲೀಕರ ಮಾತು. ನಡುವೆ ಒಂದು ಸರಳ ಲೆಕ್ಕವಿದೆ. ನೆಲ ಎಷ್ಟು ನಡುಗುತ್ತದೆ ಎಂಬುದು ಒಟ್ಟು ಮದ್ದಿಗಿಂತ, ಒಂದೇ ಕ್ಷಣಕ್ಕೆ ಎಷ್ಟು ಮದ್ದು ಸಿಡಿಯುತ್ತದೆ ಎಂಬುದರ ಮೇಲೆ ನಿಂತಿದೆ. 40 ಕುಳಿ, ಕುಳಿಗೆ ಅರ್ಧ ಕೆ.ಜಿ. ಎಂದರೆ 20 ಕೆ.ಜಿ. ಅಷ್ಟನ್ನೂ ಒಮ್ಮೆಗೇ ಸಿಡಿಸುವ ಬದಲು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅಂತರ ಕೊಟ್ಟು ಹತ್ತು ಹತ್ತು ಕುಳಿಯಂತೆ ಸಿಡಿಸಿದರೆ, ಒಂದು ಸಲಕ್ಕೆ ಐದೇ ಕೆ.ಜಿ. ಮದ್ದು ಕಾಲು ಭಾಗಕ್ಕಿಳಿದರೆ ಮನೆ ಎರಡು ಪಟ್ಟು ದೂರ ಸರಿದಂತೆ ಲೆಕ್ಕ. 600 ಮೀಟರ್ ದೂರದ ಮನೆಗೆ ಬ್ಲಾಸ್ಟಿಂಗ್ 1,200 ಮೀಟರ್ ಆಚೆ ನಡೆದ ಹಾಗೆ. ನಡುಕ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಬಂಡೆಯ ಬಿರುಕು, ಪದರ ನೋಡಿಕೊಂಡು ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ತೊಡಕೆಂದರೆ, ನಾಲ್ಕು ಸಲ ಸಿಡಿದರೂ ಕಿವಿಗೆ ಕೇಳುವುದು ಒಂದೇ ‘ಢಂ’. ಅಂತರ ಕೊಟ್ಟಿದ್ದಾರೋ ಇಲ್ಲವೋ ಮನೆಯಲ್ಲಿ ಕೂತು ಹೇಳಲಾಗದು. ಕಂಪನ ಅಳೆಯುವ ಯಂತ್ರವೇ ಬೇಕು. ಗಣಿ ಸುರಕ್ಷತಾ ನಿರ್ದೇಶನಾಲಯದ 1997ರ ಸುತ್ತೋಲೆ ಸಾಮಾನ್ಯ ಮನೆಗಳಿಗೆ ನಿಧಾನದ ಕಂಪನಕ್ಕೆ ಹಾಕಿದ ಮಿತಿ ಸೆಕೆಂಡಿಗೆ 5 ಮಿಲಿಮೀಟರ್. ಯಂತ್ರವನ್ನು ಊರಿನ ಅಂಚಿನ ಮನೆಯ ಬುಡದಲ್ಲಿಟ್ಟು, ಅದು ತೋರಿಸಿದ ಅಂಕಿಯನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಬೇಕೆಂದು ಬರೆದೆ. ಜೊತೆಗೆ, ಮೊದಲ ಬ್ಲಾಸ್ಟಿಂಗಿಗೆ ಮುಂಚೆಯೇ ಆ ಸಾಲಿನ ಮನೆಗಳ ಗೋಡೆಗಳ ಫೋಟೊ ತೆಗೆದು, ತಾರೀಖು ಹಾಕಿ, ಒಂದು ಪ್ರತಿ ಮನೆಯವರ ಕೈಗೆ ಕೊಡಬೇಕು. ಮಣ್ಣಿನ ಗೋಡೆಯಲ್ಲಿ ಹಳೆಯ ಬಿರುಕು ಇದ್ದೇ ಇರುತ್ತದೆ. ಫೋಟೊ ಇಲ್ಲದಿದ್ದರೆ ಹೊಸದು ಯಾವುದು, ಹಳೆಯದು ಯಾವುದು ಎಂಬ ಜಗಳ ಹರಿಯುವುದೇ ಇಲ್ಲ.

ಕೆರೆಯ ವಿಷಯ ಚಿಕ್ಕದು. ಮಳೆನೀರು ಕಲ್ಲುಪುಡಿ ಹೊತ್ತು ಕೆರೆಗೆ ಹೋಗದಂತೆ ಕ್ವಾರಿ ಸುತ್ತ ಚರಂಡಿ, ಅದರ ಕೊನೆಯಲ್ಲಿ ಪುಡಿ ತಳ ಸೇರಲು ಹೊಂಡ. ಮಳೆಗಾಲಕ್ಕೆ ಮುಂಚೆ ಹೊಂಡದ ಹೂಳೆತ್ತದಿದ್ದರೆ ಅದು ಇದ್ದೂ ಇಲ್ಲದಂತೆ. ತೂಬಿನ ಬಳಿ ನೀರು ಬೆಳ್ಳಗೆ ಕದಡಿದ್ದರೆ ಹೊಂಡ ತುಂಬಿದೆ ಎಂದರ್ಥ. ಇದನ್ನೂ ಹೀಗೇ ಬರೆದೆ.

ಎರಡನೇ ಸಲ ಅದೇ ಕಟ್ಟೆಯ ಮೇಲೆ ಓದಿದೆ. ಧೂಳಿನ ಭಾಗ ಹೀಗಾಗಿತ್ತು: ‘ಡಾಂಬರು ಮುಗಿಯುವ ತನಕ ಈ ರಸ್ತೆಯಲ್ಲಿ ಕಲ್ಲು ಸಾಗಿಸುವುದಿಲ್ಲ. ಟಾರ್ಪಾಲು ಇಲ್ಲದ ಟಿಪ್ಪರ್ ಗೇಟು ದಾಟುವುದಿಲ್ಲ. ರಸ್ತೆಬದಿಯ ಸೊಪ್ಪನ್ನು ಬೆರಳಿನಿಂದ ಒರೆಸಿದಾಗ ಬಿಳಿ ಪುಡಿ ಅಂಟಿದರೆ ಈ ಕ್ರಮ ನಡೆಯುತ್ತಿಲ್ಲವೆಂದು ತಿಳಿಯಿರಿ.’ ರೇಷ್ಮೆಯ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು. ‘ತಿಳ್ಕೊಂಡು ಯಾರಿಗ್ ಹೇಳೋದು ಸಾರ್?’ ಎಂದರು. ಕ್ವಾರಿ ಮ್ಯಾನೇಜರ್ ಮತ್ತು ಜಿಲ್ಲೆಯ ಪರಿಸರ ಅಧಿಕಾರಿ, ಇಬ್ಬರ ಫೋನ್ ನಂಬರಿಗೂ ಆ ಸಾಲಿನ ಕೆಳಗೇ ಜಾಗ ಮಾಡಿದೆ.